ಮೊದಲ ಕಾರಿಗೆ ಥರ್ಡ್ ಪಾರ್ಟಿ ಸಾಕೇ, ಫುಲ್ ಇನ್ಶೂರೆನ್ಸ್ ಬೇಕೇ?

ಶೋರೂಮಿನವರು ಕೊಡುವ ಕೊಟೇಶನ್‌ನಲ್ಲಿ ಕಾರಿನ ಬೆಲೆ, ರೋಡ್ ಟ್ಯಾಕ್ಸ್, ನೋಂದಣಿ ಶುಲ್ಕಗಳ ಕೆಳಗೆ ‘ಇನ್ಶೂರೆನ್ಸ್’ ಎಂದು ಒಂದೇ ಸಾಲು ಇರುತ್ತದೆ, ಅದರ ಮುಂದೆ ಒಂದೇ ಮೊತ್ತ. ಮೊದಲ ಸಲ ಕಾರು ಕೊಳ್ಳುವವರು ಬಹುತೇಕ ಈ ಸಾಲನ್ನು ಹಾಗೇ ದಾಟಿಬಿಡುತ್ತಾರೆ. ಅಸಲಿಗೆ ಆ ಮೊತ್ತದೊಳಗೆ ಎರಡು ಬೇರೆ ಬೇರೆ ವಿಮೆಗಳಿವೆ. ಒಂದು, ನಿಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಗೆ. ಇನ್ನೊಂದು, ನಿಮ್ಮ ಕಾರಿಗೇ ಆದ ಹಾನಿಗೆ. ಮೊದಲನೆಯದಷ್ಟೇ ಇದ್ದರೆ ಅದು ಥರ್ಡ್ ಪಾರ್ಟಿ ಪಾಲಿಸಿ. ಎರಡೂ ಸೇರಿದರೆ ಕಾಂಪ್ರಿಹೆನ್ಸಿವ್. ಜನರ ಬಾಯಲ್ಲಿ ಇದೇ ‘ಫುಲ್ ಇನ್ಶೂರೆನ್ಸ್’ ಅಥವಾ ‘ಫಸ್ಟ್ ಪಾರ್ಟಿ’. ಪಾಲಿಸಿ ಕಾಗದದಲ್ಲಿ ಮೊದಲನೆಯದನ್ನು ಟಿ.ಪಿ. ಎಂದೂ ಎರಡನೆಯದನ್ನು ಓ.ಡಿ. (ಓನ್ ಡ್ಯಾಮೇಜ್) ಎಂದೂ ಗುರುತಿಸಿರುತ್ತಾರೆ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಇಷ್ಟೇ: ಆ ಒಂದು ಸಾಲನ್ನು ಬಿಡಿಸಿ ಕೊಡಿ ಎಂದು ಕೇಳಿ. ಟಿ.ಪಿ. ಎಷ್ಟು, ಓ.ಡಿ. ಎಷ್ಟು, ಆಡ್-ಆನ್ ಎಷ್ಟು, ಮಾಲೀಕ-ಚಾಲಕನ ಅಪಘಾತ ವಿಮೆ ಎಷ್ಟು, ಜಿಎಸ್‌ಟಿ ಎಷ್ಟು. ಈ ಐದು ಅಂಕಿ ಕೈಯಲ್ಲಿಲ್ಲದೆ ಮುಂದಿನ ಯಾವ ಲೆಕ್ಕವೂ ನಡೆಯುವುದಿಲ್ಲ.

ಟಿ.ಪಿ. ಯಾರಿಗೆ ಕೊಡುತ್ತದೆ, ಯಾರಿಗೆ ಕೊಡುವುದಿಲ್ಲ

ಥರ್ಡ್ ಪಾರ್ಟಿ ವಿಮೆ ಇಲ್ಲದೆ ಕಾರು ರಸ್ತೆಗಿಳಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಇದನ್ನು ಕಡ್ಡಾಯ ಮಾಡಿದೆ. ತಪ್ಪಿದರೆ ಮೊದಲ ಸಲ ₹2,000 ದಂಡ, ಮತ್ತೆ ಸಿಕ್ಕಿಬಿದ್ದರೆ ₹4,000, ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಆದರೆ ಹೆದರಬೇಕಾದ್ದು ಈ ದಂಡಕ್ಕಲ್ಲ.

ನಿಮ್ಮ ಕಾರು ಬೈಕಿಗೆ ತಗುಲಿ ಸವಾರ ತೀರಿಕೊಂಡ ಎಂದುಕೊಳ್ಳಿ. ಅವನ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಾರೆ. ಅಲ್ಲಿ ಅವನ ವಯಸ್ಸು, ಸಂಪಾದನೆ, ಅವನನ್ನು ನೆಚ್ಚಿಕೊಂಡವರ ಸಂಖ್ಯೆ ನೋಡಿ ಪರಿಹಾರ ನಿಗದಿಯಾಗುತ್ತದೆ. ಚಿಕ್ಕ ವಯಸ್ಸಿನ, ಒಳ್ಳೆಯ ಸಂಬಳದ ವ್ಯಕ್ತಿಯಾದರೆ ಅದು ಹಲವು ಲಕ್ಷ ದಾಟಿ ಕೋಟಿಯ ಹತ್ತಿರ ಹೋಗಬಹುದು. ಟಿ.ಪಿ. ಇದ್ದರೆ ಸಾವು ಮತ್ತು ಗಾಯದ ಪರಿಹಾರಕ್ಕೆ ಮೇಲ್ಮಿತಿ ಇಲ್ಲ, ನ್ಯಾಯಮಂಡಳಿ ಹೇಳಿದ ಮೊತ್ತವನ್ನು ಕಂಪನಿ ಕಟ್ಟುತ್ತದೆ. ಇಲ್ಲದಿದ್ದರೆ ಅದೇ ಮೊತ್ತ ನಿಮ್ಮ ಮನೆ, ಸೈಟು, ಸಂಬಳದಿಂದ ಹೋಗಬೇಕು.

ಬೇರೆಯವರ ಆಸ್ತಿಗೆ ಆದ ಹಾನಿಗೆ ಮಾತ್ರ ಮಿತಿ ಇದೆ. ಎದುರಿನ ಕಾರು, ಅಂಗಡಿಯ ಶಟರ್, ಕಾಂಪೌಂಡ್ ಗೋಡೆ ಎಲ್ಲ ಸೇರಿ ಖಾಸಗಿ ಕಾರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ ₹7.5 ಲಕ್ಷದವರೆಗೆ. ಸಣ್ಣದೊಂದು ರಿಯಾಯಿತಿಯ ಆಸೆ ತೋರಿಸಿ ಈ ಮಿತಿಯನ್ನು ₹6,000ಕ್ಕೆ ಇಳಿಸುವ ಆಯ್ಕೆಯೂ ಇದೆ. ಇವತ್ತಿನ ಕಾರುಗಳಲ್ಲಿ ಒಂದು ಹೆಡ್‌ಲೈಟ್ ಕೂಡ ಆ ದುಡ್ಡಿಗೆ ಬರುವುದಿಲ್ಲ. ಕೊಟೇಶನ್‌ನಲ್ಲಿ ಆ ಗುರುತು ಇದ್ದರೆ ತೆಗೆಸಿ.

ಇನ್ನು ಯಾರಿಗೆ ಕೊಡುವುದಿಲ್ಲ ಎಂಬುದು. ನಿಮ್ಮ ಕಾರಿನ ರಿಪೇರಿಗೆ ಟಿ.ಪಿ. ಒಂದು ರೂಪಾಯಿಯನ್ನೂ ಕೊಡುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ ಮಾತು ಬೇರೆ ಇದೆ. ನಿಮ್ಮದೇ ಕಾರಿನಲ್ಲಿ ಕುಳಿತ ಹೆಂಡತಿ, ಮಕ್ಕಳು, ಅಮ್ಮ, ಸ್ನೇಹಿತರು ಟಿ.ಪಿ. ಪಾಲಿಸಿಯ ಲೆಕ್ಕದಲ್ಲಿ ‘ಮೂರನೆಯವರು’ ಅಲ್ಲ. ಕಾರು ನೀವು ಓಡಿಸುತ್ತಿದ್ದು, ತಪ್ಪೂ ನಿಮ್ಮದೇ ಆಗಿ, ಕಾರು ಮರಕ್ಕೆ ಗುದ್ದಿದರೆ ಒಳಗಿದ್ದವರ ಪರಿಹಾರಕ್ಕೆ ಬರೀ ಟಿ.ಪಿ. ಪಾಲಿಸಿ ಆಗಿಬರುವುದಿಲ್ಲ. ಕಾಂಪ್ರಿಹೆನ್ಸಿವ್ ಪಾಲಿಸಿಯಾದರೆ ಒಳಗಿದ್ದವರೂ ಅದರ ರಕ್ಷಣೆಗೆ ಬರುತ್ತಾರೆ. 2012ರಲ್ಲಿ ಸುಪ್ರೀಂ ಕೋರ್ಟ್ ಬಾಲಕೃಷ್ಣನ್ ಪ್ರಕರಣದಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಕಾರು ಕೊಳ್ಳುವುದೇ ಮನೆಯವರನ್ನು ಕೂರಿಸಿಕೊಂಡು ಓಡಾಡಲು. ಹಾಗಾಗಿ ಎರಡು ಪಾಲಿಸಿಗಳ ನಡುವಿನ ದೊಡ್ಡ ವ್ಯತ್ಯಾಸ ಬಂಪರಿನದಲ್ಲ, ಹಿಂದಿನ ಸೀಟಿನದು ಎನ್ನಬೇಕು.

ಸ್ಟೀರಿಂಗ್ ಹಿಡಿದ ಮಾಲೀಕರ ಲೆಕ್ಕ ಇನ್ನೊಂದು ಬಗೆಯದು. ಅವರೂ ಟಿ.ಪಿ.ಯಲ್ಲಿ ಬರುವುದಿಲ್ಲ. ಅದಕ್ಕೆಂದೇ ₹15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇದೆ. ನಿಮಗೆ ಈಗಾಗಲೇ ಅಷ್ಟೇ ಮೊತ್ತದ ಬೇರೆ ಅಪಘಾತ ವಿಮೆ ಇದ್ದರೆ, ಅಥವಾ ನಿಮ್ಮ ಇನ್ನೊಂದು ವಾಹನದ ಜೊತೆ ಇದನ್ನು ಮಾಡಿಸಿದ್ದರೆ, ಮತ್ತೆ ಕಟ್ಟಬೇಕಿಲ್ಲ. ಘೋಷಣೆ ಬರೆದುಕೊಟ್ಟರೆ ಸಾಕು. ಈ ಹಣ ಸಿಗಬೇಕಾದರೆ ಮಾಲೀಕರ ಬಳಿ ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಇರಬೇಕು.

ಲೈಸೆನ್ಸ್ ಮಾತು ಬಂದಿದ್ದರಿಂದ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಲೈಸೆನ್ಸ್ ಇಲ್ಲದ ಅಳಿಯನೋ ತಮ್ಮನೋ ‘ಒಂದು ರೌಂಡ್ ಹೋಗಿ ಬರ್ತೀನಿ’ ಎಂದು ಕೀಲಿ ಕೇಳಿ, ಹೋದವನು ಯಾರಿಗಾದರೂ ಗುದ್ದಿದರೆ, ಗಾಯಾಳುವಿಗೆ ಕಂಪನಿ ಮೊದಲು ಕಟ್ಟಿ ಆಮೇಲೆ ಅಷ್ಟನ್ನೂ ಮಾಲೀಕರಿಂದ ವಸೂಲಿ ಮಾಡುವಂತೆ ಆದೇಶವಾಗಬಹುದು. ನಿಮ್ಮ ಕಾರಿನ ರಿಪೇರಿ ಕ್ಲೇಮ್ ಅಂತೂ ತಿರಸ್ಕೃತವಾಗುತ್ತದೆ. ಎಷ್ಟು ದುಬಾರಿಯ ಪಾಲಿಸಿ ಇದ್ದರೂ ಈ ವಿಷಯದಲ್ಲಿ ಏನೂ ಬದಲಾಗದು.

ಎರಡರ ನಡುವಿನ ದುಡ್ಡಿನ ಅಂತರ

ಟಿ.ಪಿ. ದರದಲ್ಲಿ ಚೌಕಾಸಿಗೆ ಜಾಗವಿಲ್ಲ. ಅದನ್ನು ಕೇಂದ್ರ ಸರ್ಕಾರವೇ ಇಂಜಿನ್ ಸಿಸಿ ನೋಡಿ ನಿಗದಿ ಮಾಡುತ್ತದೆ, ಎಲ್ಲ ಕಂಪನಿಗೂ ಒಂದೇ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಟಿ.ಪಿ.ಯನ್ನು ಒಟ್ಟಿಗೇ ಕಟ್ಟಬೇಕು. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಂತೆ 1,000 ಸಿಸಿವರೆಗಿನ ಕಾರಿಗೆ ಮೂರು ವರ್ಷಕ್ಕೆ ₹6,521. 1,000ದಿಂದ 1,500 ಸಿಸಿವರೆಗೆ ₹10,640. ಅದಕ್ಕೂ ಮೇಲೆ ₹24,596. ಇದರ ಮೇಲೆ ಶೇ 18 ಜಿಎಸ್‌ಟಿ.

ಓ.ಡಿ. ದರವನ್ನು ಮಾತ್ರ ಕಂಪನಿಗಳು ತಾವೇ ಇಡುತ್ತವೆ. ಒಂದೇ ಕಾರಿಗೆ ಎರಡು ಕಂಪನಿಗಳ ನಡುವೆ ಸಾವಿರಾರು ರೂಪಾಯಿ ವ್ಯತ್ಯಾಸ ಬರುವುದು ಇಲ್ಲೇ, ಚೌಕಾಸಿ ಮಾಡಬೇಕಾದ್ದೂ ಇಲ್ಲೇ. ಶೋರೂಮಿನಲ್ಲೇ ವಿಮೆ ಮಾಡಿಸಬೇಕೆಂಬ ಕಾನೂನಿಲ್ಲ. ಹೊರಗಿನ ಕೊಟೇಶನ್ ತಂದು ತೋರಿಸಿದರೆ ಅಲ್ಲಿನ ಮೊತ್ತವೂ ಇಳಿಯುವುದುಂಟು.

1,197 ಸಿಸಿಯ ಒಂದು ಹೊಸ ಹ್ಯಾಚ್‌ಬ್ಯಾಕ್ ತೆಗೆದುಕೊಳ್ಳೋಣ. ಎಕ್ಸ್-ಶೋರೂಮ್ ಬೆಲೆ ₹7 ಲಕ್ಷ. ಹೊಸ ಕಾರಿನ ಬೆಲೆಯಲ್ಲಿ ಶೇ 5 ಕಳೆದು ವಿಮಾ ಮೌಲ್ಯ ಇಡುವುದು ವಾಡಿಕೆ, ಅಂದರೆ ₹6,65,000. ಇದಕ್ಕೆ ಐಡಿವಿ ಎನ್ನುತ್ತಾರೆ. ಕಾರು ಕಳುವಾದರೆ ಅಥವಾ ರಿಪೇರಿಗೆ ಬಾರದಷ್ಟು ಜಜ್ಜಿಹೋದರೆ ಸಿಗುವ ಮೊತ್ತದ ಲೆಕ್ಕ ಇದರಿಂದಲೇ ಶುರು. ಒಂದು ಕಂಪನಿ ಓ.ಡಿ.ಗೆ ವರ್ಷಕ್ಕೆ ₹11,000 ಹೇಳಿತು ಎಂದಿಟ್ಟುಕೊಳ್ಳಿ. ಬರೀ ಟಿ.ಪಿ. ಆದರೆ ಜಿಎಸ್‌ಟಿ ಸೇರಿ ಸುಮಾರು ₹12,555. ಓ.ಡಿ. ಸೇರಿಸಿದರೆ ₹25,535. ಅಂತರ ₹12,980. ಅಂದರೆ ಆರೂಮುಕ್ಕಾಲು ಲಕ್ಷದಷ್ಟು ಬೆಲೆಯ ವಸ್ತುವಿಗೆ ಒಂದು ವರ್ಷದ ರಕ್ಷಣೆಗೆ ಹದಿಮೂರು ಸಾವಿರ. ಸಾಲ ಮಾಡಿ ಕೊಳ್ಳುವುದಾದರೆ ಈ ಯೋಚನೆಯೇ ಬೇಡ. ಸಾಲ ತೀರುವವರೆಗೆ ಓ.ಡಿ. ಇರಲೇಬೇಕು ಎಂದು ಬ್ಯಾಂಕಿನವರೇ ಷರತ್ತು ಹಾಕುತ್ತಾರೆ, ಪಾಲಿಸಿಯಲ್ಲಿ ಅವರ ಹೆಸರೂ ನಮೂದಾಗುತ್ತದೆ.

ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವ ಚಾಳಿಯೊಂದಿದೆ. ಎರಡು ಕೊಟೇಶನ್ ಹೋಲಿಸುವಾಗ ಎರಡರಲ್ಲೂ ಐಡಿವಿ ಒಂದೇ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಪ್ರೀಮಿಯಂ ನೋಡಿ.

‘ಫುಲ್’ ಎಂದರೆ ಪೂರ್ತಿ ಅಲ್ಲ: ಒಂದು ಗ್ಯಾರೇಜ್ ಬಿಲ್

ಮೊದಲ ಕ್ಲೇಮ್ ಮಾಡಿದವರ ಸಾಮಾನ್ಯ ದೂರು, ‘ಫುಲ್ ಇನ್ಶೂರೆನ್ಸ್ ಇದ್ದರೂ ಕೈಯಿಂದ ಕಟ್ಟಿಸಿಕೊಂಡರು’ ಎಂಬುದು. ಮೋಸವೇ ಆಗಿರಬೇಕೆಂದಿಲ್ಲ, ಸವಕಳಿಯ ಲೆಕ್ಕ ಅದು. ಹಳೆಯ ಬಿಡಿಭಾಗದ ಬದಲು ಹೊಸದು ಹಾಕಿದಾಗ ಹಳೆಯದು ಎಷ್ಟು ಸವೆದಿತ್ತೋ ಅಷ್ಟನ್ನು ಮಾಲೀಕರ ತಲೆಗೆ ಹಾಕುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಕಾರು ಹೊಸದಾದರೂ ಹಳೆಯದಾದರೂ ಶೇ 50 ಕಡಿತ. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಗಳಿಗೆ ಮೊದಲ ಆರು ತಿಂಗಳು ಏನೂ ಇಲ್ಲ, ಆಮೇಲೆ ಕಾರಿನ ವಯಸ್ಸಿನ ಜೊತೆ ಏರುತ್ತದೆ. ಎರಡರಿಂದ ಮೂರು ವರ್ಷದೊಳಗಿನ ಕಾರಿಗೆ ಶೇ 15. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಕೂಲಿ ಪೂರ್ತಿ ಸಿಗುತ್ತದೆ.

ಮೇಲಿನ ಕಾರಿಗೇ ಈಗ ಎರಡು ವರ್ಷ ನಾಲ್ಕು ತಿಂಗಳು. ಮಳೆಯಲ್ಲಿ ಜಾರಿ ಡಿವೈಡರ್‌ಗೆ ಮುಂಭಾಗ ಗುದ್ದಿದೆ. ತೆರಿಗೆ ಸೇರಿ ಬಿಲ್ ₹50,000 ಆಯಿತು ಎಂದುಕೊಂಡು ಬಿಡಿಸಿ ನೋಡೋಣ:

- ಮುಂದಿನ ಬಂಪರ್, ಪ್ಲಾಸ್ಟಿಕ್: ಬಿಲ್ ₹6,000, ಸಿಗುವುದು ₹3,000
- ಬಾನೆಟ್, ಲೋಹ: ಬಿಲ್ ₹9,000, ಸಿಗುವುದು ₹7,650
- ಹೆಡ್‌ಲೈಟ್, ಪ್ಲಾಸ್ಟಿಕ್: ಬಿಲ್ ₹8,000, ಸಿಗುವುದು ₹4,000
- ಮುಂದಿನ ಗಾಜು: ಬಿಲ್ ₹7,000, ಸಿಗುವುದು ₹7,000
- ಬಣ್ಣ: ಬಿಲ್ ₹12,000, ಸಿಗುವುದು ₹10,500
- ಕೂಲಿ: ಬಿಲ್ ₹8,000, ಸಿಗುವುದು ₹8,000

ಸಿಗುವುದೆಲ್ಲ ಕೂಡಿದರೆ ₹40,150. ಇದರಲ್ಲಿ ಕಡ್ಡಾಯ ಕಡಿತ ₹1,000 ಹೋಗುತ್ತದೆ. ಗ್ಯಾರೇಜಿನಲ್ಲಿ ಇದನ್ನು ‘ಫೈಲ್ ಚಾರ್ಜ್’ ಎನ್ನುವುದೂ ಉಂಟು, 1,500 ಸಿಸಿ ಮೀರಿದ ಕಾರಿಗೆ ₹2,000. ಉಳಿದ ₹39,150 ಕಂಪನಿಯದು, ನಿಮ್ಮ ಕೈಯಿಂದ ₹10,850. ಬರೀ ಟಿ.ಪಿ. ಇದ್ದಿದ್ದರೆ ಐವತ್ತು ಸಾವಿರವೂ ನಿಮ್ಮದೇ. ಜೀರೋ ಡೆಪ್ರಿಸಿಯೇಶನ್ ಎಂಬ ಆಡ್-ಆನ್ (ಜನ ‘ಬಂಪರ್ ಟು ಬಂಪರ್’ ಎನ್ನುವುದು ಇದನ್ನೇ) ಇದ್ದಿದ್ದರೆ ಸವಕಳಿಯ ಕಡಿತ ಬೀಳುತ್ತಿರಲಿಲ್ಲ, ₹1,000 ಮತ್ತು ಆಯಿಲ್, ನಟ್-ಬೋಲ್ಟಿನಂಥ ಚಿಲ್ಲರೆ ಖರ್ಚು ಮಾತ್ರ. ಹೊಸದಾಗಿ ಓಡಿಸಲು ಕಲಿತವರು ಗುದ್ದಿಕೊಳ್ಳುವುದು ಹೆಚ್ಚಾಗಿ ಬಂಪರ್, ಲೈಟು, ಕನ್ನಡಿ. ಅವೆಲ್ಲ ಪ್ಲಾಸ್ಟಿಕ್. ಹಾಗಾಗಿ ಮೊದಲ ಕಾರಿಗೆ ಬೇರೆ ಯಾವ ಆಡ್-ಆನ್ ಬಿಟ್ಟರೂ ಇದೊಂದನ್ನು ಬಿಡಬೇಡಿ. ವರ್ಷಕ್ಕೆ ಎಷ್ಟು ಕ್ಲೇಮ್‌ಗೆ ಇದು ಅನ್ವಯ ಎಂದು ಪಾಲಿಸಿಯಲ್ಲಿ ಬರೆದಿರುತ್ತದೆ, ಓದಿಕೊಳ್ಳಿ.

ಕ್ಲೇಮ್ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಮೊದಲು ಬಿಚ್ಚಿ ಆಮೇಲೆ ತಿಳಿಸುವುದು. ಸ್ಥಳದಲ್ಲೇ ನಂಬರ್ ಪ್ಲೇಟ್ ಕಾಣುವಂತೆ ಫೋಟೋ ತೆಗೆದು, ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ಪಡೆದು, ಸರ್ವೇಯರ್ ನೋಡಿದ ಮೇಲಷ್ಟೇ ಗ್ಯಾರೇಜಿನವರು ಸ್ಪ್ಯಾನರ್ ಮುಟ್ಟಬೇಕು. ಬೇರೆಯವರಿಗೆ ಪೆಟ್ಟಾಗಿದ್ದರೆ ಪೊಲೀಸರಿಗೂ ಕಂಪನಿಗೂ ತಿಳಿಸಿ. ರಸ್ತೆಯಲ್ಲೇ ‘ಸೆಟಲ್ ಮಾಡ್ಕೊಳ್ಳೋಣ’ ಎಂದು ದುಡ್ಡು ಕೊಟ್ಟು ಬರಬೇಡಿ. ಕಂಪನಿಯ ಒಪ್ಪಿಗೆ ಇಲ್ಲದ ಒಪ್ಪಂದ ಪಾಲಿಸಿಯ ಷರತ್ತಿಗೆ ವಿರುದ್ಧ, ಆ ದುಡ್ಡು ವಾಪಸ್ ಬರುವುದಿಲ್ಲ.

ನೀರಿನದು ಬೇರೆಯೇ ಕತೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಸುಪಾಸು ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದು ಎಲ್ಲರಿಗೂ ನೆನಪಿದೆ. ಪ್ರವಾಹದ ಹಾನಿ ಕಾಂಪ್ರಿಹೆನ್ಸಿವ್‌ನಲ್ಲಿ ಇದೆ, ಟಿ.ಪಿ.ಯಲ್ಲಿ ಇಲ್ಲ. ಆದರೆ ನೀರು ನುಗ್ಗಿದ ಕಾರಿನ ಕೀಲಿ ತಿರುಗಿಸಿ ಸ್ಟಾರ್ಟ್ ಮಾಡಿದರೆ ಕೆಲಸ ಕೆಟ್ಟಿತು. ಸಿಲಿಂಡರ್ ಒಳಗಿನ ನೀರನ್ನು ಪಿಸ್ಟನ್ ಅದುಮಲಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆಗ ಕಂಪನಿಯವರು, ಇಂಜಿನ್ ಹಾಳಾದದ್ದು ಪ್ರವಾಹದಿಂದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಎನ್ನುತ್ತಾರೆ. ನೀರಿನ ಗುರುತು ಕಾಣುವಂತೆ ಫೋಟೋ ತೆಗೆದು, ಕಾರನ್ನು ಟೋ ಮಾಡಿಸಿ. ನಿಮ್ಮ ಮನೆ ತಗ್ಗಿನಲ್ಲಿದ್ದರೆ, ಇಲ್ಲವೇ ಪಾರ್ಕಿಂಗ್ ಬೇಸ್‌ಮೆಂಟಿನಲ್ಲಿದ್ದರೆ ಇಂಜಿನ್ ಪ್ರೊಟೆಕ್ಟ್ ಆಡ್-ಆನ್ ಬೇಕು. ಮೂರನೇ ಮಹಡಿಯ ಪಾರ್ಕಿಂಗ್‌ನವರು ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒಂದೇ ಕಾಗದ, ಎರಡು ತಾರೀಕು

ಹೊಸ ಕಾರಿನವರು ಹೆಚ್ಚಾಗಿ ಎಡವುವುದು ಇಲ್ಲಿ. ಟಿ.ಪಿ. ಮೂರು ವರ್ಷಕ್ಕಿದ್ದರೂ ಓ.ಡಿ. ಸಾಮಾನ್ಯವಾಗಿ ಒಂದೇ ವರ್ಷಕ್ಕೆ. 2025ರ ಜೂನ್ 10ರಂದು ತೆಗೆದ ಕಾರಿನ ಪಾಲಿಸಿಯಲ್ಲಿ ಟಿ.ಪಿ. ಅವಧಿ 2028ರ ಜೂನ್ 9ರವರೆಗೆ, ಓ.ಡಿ. ಅವಧಿ 2026ರ ಜೂನ್ 9ರವರೆಗೆ ಎಂದಿರುತ್ತದೆ. ಮಾಲೀಕರ ಮನಸ್ಸಿನಲ್ಲಿ ಉಳಿಯುವುದು ‘ಮೂರು ವರ್ಷದ ಇನ್ಶೂರೆನ್ಸ್ ಕಟ್ಟಿದ್ದೇವೆ’ ಎಂಬುದಷ್ಟೇ. ಪೊಲೀಸರು ತಡೆದರೂ ತೊಂದರೆಯಿಲ್ಲ, ಟಿ.ಪಿ. ಚಾಲ್ತಿಯಲ್ಲಿದೆ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಇನ್ಶೂರೆನ್ಸ್ ಇದೆ ಎಂದು ಕಂಡರೂ ಅದನ್ನು ಓ.ಡಿ.ಗೆ ಸಾಕ್ಷಿ ಎಂದುಕೊಳ್ಳಬೇಡಿ. ಒಂದು ವರ್ಷ ಒಂದು ದಿನದ ನಂತರ ಆ ಕಾರು ಸದ್ದಿಲ್ಲದೆ ಬರೀ ಟಿ.ಪಿ. ಕಾರಾಗಿರುತ್ತದೆ. ಗುದ್ದಿದ ದಿನವೇ ಅದು ಗೊತ್ತಾಗುವುದು.

ಪಾಲಿಸಿ ಕೈಗೆ ಬಂದ ದಿನವೇ ಎರಡೂ ತಾರೀಕು ಹುಡುಕಿ, ಓ.ಡಿ. ಮುಗಿಯುವ ದಿನಕ್ಕೆ ಹದಿನೈದು ದಿನ ಮೊದಲು ಫೋನಿನಲ್ಲಿ ಜ್ಞಾಪನೆ ಇಡಿ. ಎರಡನೇ ವರ್ಷ ಬರೀ ಓ.ಡಿ. ಪಾಲಿಸಿ ಕೊಂಡರೆ ಸಾಕು, ಅದನ್ನು ಬೇರೆ ಕಂಪನಿಯಿಂದಲೂ ಕೊಳ್ಳಬಹುದು. ಅಪಘಾತ ವಿಮೆ ಎಷ್ಟು ವರ್ಷಕ್ಕಿದೆ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ತಡವಾದರೆ ಕಾರನ್ನು ಪರಿಶೀಲಿಸಿದ ಮೇಲಷ್ಟೇ ಹೊಸ ಪಾಲಿಸಿ ಕೊಡುತ್ತಾರೆ, 90 ದಿನ ಮೀರಿದರೆ ನೋ ಕ್ಲೇಮ್ ಬೋನಸ್ ಕೈ ತಪ್ಪುತ್ತದೆ.

ಈ ಬೋನಸ್ ಓ.ಡಿ. ಪ್ರೀಮಿಯಂ ಮೇಲಿನ ರಿಯಾಯಿತಿ. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇ 20, ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ. ಮೂರನೇ ವರ್ಷದ ಕೊನೆಗೆ ಶೇ 35 ಸಿಗಬೇಕಾದವರು, ಓ.ಡಿ. ₹9,000 ಇದ್ದರೆ, ಒಂದು ಕ್ಲೇಮಿನಿಂದ ಆ ವರ್ಷವೇ ₹3,150 ಕಳೆದುಕೊಳ್ಳುತ್ತಾರೆ. ಮರುವರ್ಷವೂ 45ರ ಬದಲು 20 ಮಾತ್ರ. ಹಾಗಾಗಿ ನಾಲ್ಕೈದು ಸಾವಿರದ ಗೀರು, ತಗ್ಗಿಗೆ ಕ್ಲೇಮ್ ಮಾಡದೆ ಕೈಯಿಂದಲೇ ಸರಿಮಾಡಿಸಿಕೊಳ್ಳುವುದು ಲಾಭ.

ಬರೀ ಟಿ.ಪಿ. ಒಪ್ಪುವುದು ಯಾವಾಗ

ಮೊದಲ ಕಾರು ಹೊಸದೇ ಆಗಬೇಕೆಂದಿಲ್ಲ. ಕೈ ಪಳಗಲಿ ಎಂದು ಹನ್ನೆರಡು ವರ್ಷದ ಹಳೆಯ ಕಾರನ್ನು ಒಂದು ಲಕ್ಷಕ್ಕೆ ಕೊಂಡವರು ಓ.ಡಿ. ಬಿಡುವುದರಲ್ಲಿ ಅರ್ಥವಿದೆ. ಹತ್ತು ವರ್ಷ ದಾಟಿದ ಕಾರಿಗೆ ಲೋಹದ ಭಾಗದಲ್ಲೂ ಅರ್ಧ ಕಡಿತ, ಜೀರೋ ಡೆಪ್ರಿಸಿಯೇಶನ್ ಸಿಗುವುದು ಕಷ್ಟ, ರಿಪೇರಿ ಖರ್ಚು ಐಡಿವಿಯ ಶೇ 75 ಮೀರಿದರೆ ‘ಟೋಟಲ್ ಲಾಸ್’ ಎಂದು ಲೆಕ್ಕ ಮುಗಿಸುತ್ತಾರೆ. ಅಳತೆಗೋಲು ಸರಳ. ಕಾರು ಪೂರ್ತಿ ಹೋದರೂ ಆ ನಷ್ಟ ತಡೆದುಕೊಳ್ಳಬಲ್ಲಿರಾ? ಹೌದಾದರೆ ಟಿ.ಪಿ. ಸಾಕು. ಆದರೆ ಹಿಂದಿನ ಸೀಟಿನ ಪ್ರಶ್ನೆ ಹಾಗೇ ಉಳಿಯುತ್ತದೆ. ಮನೆಯವರನ್ನು ಕೂರಿಸಿಕೊಂಡು ಹೋಗುವುದಾದರೆ ಟಿ.ಪಿ. ಜೊತೆಗೆ ಪ್ರಯಾಣಿಕರ ವೈಯಕ್ತಿಕ ಅಪಘಾತ ವಿಮೆ ಸೇರಿಸಲು ಹೇಳಿ.

ಹಳೆಯ ಕಾರು ಕೊಳ್ಳುವಾಗ ‘ಫುಲ್ ಇನ್ಶೂರೆನ್ಸ್ ಇದೆ, ಇನ್ನೂ ಎಂಟು ತಿಂಗಳಿದೆ’ ಎಂದು ಮಾರುವವರು ಹೇಳಿದರೆ ಅಲ್ಲಿಗೇ ನಿಲ್ಲಬೇಡಿ. ಕಾರು ಕೈ ಬದಲಾದಾಗ ಟಿ.ಪಿ. ಭಾಗ ಹೊಸ ಮಾಲೀಕರಿಗೆ ತಾನಾಗಿ ಬರುತ್ತದೆ, ಓ.ಡಿ. ಭಾಗ ಬರುವುದಿಲ್ಲ. 14 ದಿನದೊಳಗೆ ಮಾರಾಟದ ಪತ್ರಗಳ ಜೊತೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್‌ಸಿ ನಿಮ್ಮ ಹೆಸರಿನಲ್ಲಿ, ಪಾಲಿಸಿ ಹಳೆಯವರ ಹೆಸರಿನಲ್ಲಿ ಇದ್ದಾಗ ಕಾರು ಗುದ್ದಿದರೆ, ಆ ಹಾನಿಗೆ ಹಳೆಯವರೂ ಕ್ಲೇಮ್ ಮಾಡುವಂತಿಲ್ಲ, ನೀವೂ ಮಾಡುವಂತಿಲ್ಲ. ವರ್ಗಾಯಿಸುವಾಗ ಹಳೆಯವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ವ್ಯಕ್ತಿಯದು, ಕಾರಿನದಲ್ಲ. ಅವರಿಗೆ ಸಿಕ್ಕ ರಿಯಾಯಿತಿಯಲ್ಲಿ ಉಳಿದ ತಿಂಗಳುಗಳ ಪಾಲನ್ನು ನಿಮ್ಮಿಂದ ಕಟ್ಟಿಸಿಕೊಳ್ಳುತ್ತಾರೆ. ಕಾರಿನ ಬೆಲೆ ಮಾತಾಡುವಾಗಲೇ ಈ ಮೊತ್ತ ಎಷ್ಟೆಂದು ಕಂಪನಿಗೆ ಫೋನ್ ಮಾಡಿ ಕೇಳಿಕೊಂಡು, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಹೇಳಿ.